ಕರೆಂಟು ಬಂದಿದೆ, ಚಾರ್ಜ್ ಆಗುತ್ತಿಲ್ಲ

ಚಾರ್ಜರ್ ಸಿಕ್ಕಿಸಿದೆ, ಅದರ ಮೇಲಿನ ಪುಟ್ಟ ದೀಪ ಉರಿಯುತ್ತಿದೆ, ಲ್ಯಾಪ್‌ಟಾಪ್ ಕೂಡ ನಡೆಯುತ್ತಿದೆ. ಆದರೂ ಬ್ಯಾಟರಿ 34 ಶೇಕಡಾದಿಂದ ಮೇಲೇರುವುದಿಲ್ಲ. ಪರದೆಯ ಮೂಲೆಯ ಬ್ಯಾಟರಿ ಚಿತ್ರದ ಮೇಲೆ ಮೌಸ್ ಇಟ್ಟರೆ Plugged in, not charging ಎಂಬ ಸಾಲು. ಹೀಗಾದಾಗ ಹತ್ತರಲ್ಲಿ ಎಂಟು ಮಂದಿ ತಕ್ಷಣ ಬರುವ ತೀರ್ಮಾನ ಒಂದೇ: ಬ್ಯಾಟರಿ ಹೋಯಿತು. ಪಕ್ಕದ ಅಂಗಡಿಯವರೂ ಅದನ್ನೇ ಹೇಳಿಬಿಟ್ಟರೆ ಆ ತೀರ್ಮಾನ ಗಟ್ಟಿಯಾಗುತ್ತದೆ, ದುಡ್ಡು ಕೈಬಿಡುತ್ತದೆ.

ಬ್ಯಾಟರಿ ಹೋಗಿರಲೂಬಹುದು. ಆದರೆ ಗೋಡೆಯ ಸಾಕೆಟ್ಟಿನಿಂದ ಬ್ಯಾಟರಿಯವರೆಗಿನ ದಾರಿಯಲ್ಲಿ ಅದಕ್ಕಿಂತ ಮೊದಲು ಅಡಾಪ್ಟರ್ ಇದೆ, ಅದರ ವೈರು ಇದೆ, ಚಾರ್ಜಿಂಗ್ ಜ್ಯಾಕ್ ಇದೆ, ಮದರ್‌ಬೋರ್ಡಿನಲ್ಲಿ ಕರೆಂಟನ್ನು ಒಳಗೆ ಬಿಡುವ ಮತ್ತು ತಡೆಯುವ ಸರ್ಕ್ಯೂಟ್ ಇದೆ. ಇವುಗಳಲ್ಲಿ ಯಾವುದು ಕೈಕೊಟ್ಟರೂ ಪರದೆಯ ಮೇಲೆ ಕಾಣುವ ಲಕ್ಷಣ ಹೆಚ್ಚುಕಡಿಮೆ ಒಂದೇ. ದೋಷ ಎಲ್ಲಿದೆ ಎಂದು ಬೇರ್ಪಡಿಸಿ ನೋಡುವುದಕ್ಕೆ ಒಂದು ಕ್ರಮವಿದೆ. ಅದರ ಮುಕ್ಕಾಲು ಪಾಲು ಸ್ಕ್ರೂ ಡ್ರೈವರ್ ಮುಟ್ಟದೆಯೇ ಮನೆಯಲ್ಲಿ ಮಾಡುವಂಥದ್ದು.

ಅದಕ್ಕೆ ಮೊದಲು ಒಂದು ಸಂಗತಿ ತಿಳಿದಿರಬೇಕು. ಟಾರ್ಚಿನ ಸೆಲ್ಲನ್ನೋ ಹಳೆಯ ಮೊಬೈಲನ್ನೋ ಚಾರ್ಜ್ ಮಾಡಿದಂತೆ ಲ್ಯಾಪ್‌ಟಾಪ್ ಚಾರ್ಜ್ ಆಗುವುದಿಲ್ಲ. ಕರೆಂಟು ಬಂದ ಮಾತ್ರಕ್ಕೆ ಅದು ಬ್ಯಾಟರಿಗೆ ಹೋಗುವುದಿಲ್ಲ, ಅನುಮತಿಯೂ ಸಿಗಬೇಕು. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಚೀಲ ಕಣ್ಣೆದುರೇ ಇದ್ದರೂ ಬೆರಳಚ್ಚು ಹೊಂದದಿದ್ದರೆ ಅಳೆದು ಕೊಡುವುದಿಲ್ಲವಲ್ಲ, ಹಾಗೆ. ಮದರ್‌ಬೋರ್ಡಿನಲ್ಲಿ ಎಂಬೆಡೆಡ್ ಕಂಟ್ರೋಲರ್ ಎಂಬ ಚಿಪ್ ಇರುತ್ತದೆ. ಸಿಕ್ಕಿಸಿದ ಅಡಾಪ್ಟರ್ ಯಾವುದು, ಎಷ್ಟು ವ್ಯಾಟಿನದು ಎಂದು ಅದು ವಿಚಾರಿಸುತ್ತದೆ. ಬ್ಯಾಟರಿಯ ಒಳಗಿರುವ ಇನ್ನೊಂದು ಚಿಪ್‌ನ ಹತ್ತಿರ ನಿನ್ನ ಸೆಲ್‌ಗಳು ಹೇಗಿವೆ, ಎಷ್ಟು ಬಿಸಿಯಾಗಿವೆ, ಎಷ್ಟು ವೋಲ್ಟ್ ಬೇಕು ಎಂದು ಕೇಳುತ್ತದೆ. ಎರಡೂ ಕಡೆಯಿಂದ ಸರಿಯಾದ ಉತ್ತರ ಬಂದರೆ ಮಾತ್ರ ಚಾರ್ಜಿಂಗ್ ಶುರು. ಆದ್ದರಿಂದ ಲ್ಯಾಪ್‌ಟಾಪ್ ಚಾರ್ಜರಿನ ಮೇಲೆ ನಡೆಯುತ್ತಿದ್ದು ಬ್ಯಾಟರಿ ಮಾತ್ರ ತುಂಬುತ್ತಿಲ್ಲ ಎಂದರೆ ಕರೆಂಟು ಬರುತ್ತಿದೆ ಎಂದಾಯಿತು. ಸಿಗದೆ ಇರುವುದು ಬಹುಮಟ್ಟಿಗೆ ಅನುಮತಿ.

ಹಾಗಾಗಿ ಮೊದಲು ಗಮನಿಸಬೇಕಾದ್ದು, ಚಾರ್ಜರ್ ಸಿಕ್ಕಿಸಿದ್ದು ಲ್ಯಾಪ್‌ಟಾಪಿಗೆ ಗೊತ್ತಾಗುತ್ತಿದೆಯೇ ಎಂಬುದನ್ನು. ಸಿಕ್ಕಿಸಿದಾಗ ಬ್ಯಾಟರಿ ಚಿತ್ರದ ಮೇಲೆ ಪ್ಲಗ್ಗಿನ ಗುರುತೇ ಬರುವುದಿಲ್ಲವೆಂದರೆ ಕರೆಂಟೇ ಒಳಗೆ ಹೋಗುತ್ತಿಲ್ಲ. ಸಾಕೆಟ್, ಪವರ್ ಕಾರ್ಡ್, ಅಡಾಪ್ಟರ್, ಜ್ಯಾಕ್ ಅಥವಾ ಬೋರ್ಡಿನ ಬಾಗಿಲು, ಈ ಕಡೆ ನೋಡಬೇಕು. ಪ್ಲಗ್ಗಿನ ಗುರುತು ಬಂದು not charging ಎಂದರೆ ಅಡಾಪ್ಟರಿನ ಗುರುತಿನ ವಿಷಯ, ಬ್ಯಾಟರಿ ಅಥವಾ ಸೆಟ್ಟಿಂಗ್. ಚಾರ್ಜ್ ಆಗುತ್ತಿದೆ ಎಂದು ತೋರಿಸುತ್ತಲೇ ಶೇಕಡಾ ಇಳಿಯುತ್ತಿದ್ದರೆ ಅಡಾಪ್ಟರ್ ಕೊಡುವುದಕ್ಕಿಂತ ಹೆಚ್ಚು ಕರೆಂಟನ್ನು ಲ್ಯಾಪ್‌ಟಾಪ್ ತಿನ್ನುತ್ತಿದೆ. 65 ವ್ಯಾಟ್ ಬೇಕಾದ ಯಂತ್ರಕ್ಕೆ 45 ವ್ಯಾಟಿನ ಅಡಾಪ್ಟರ್ ಹಾಕಿ ವಿಡಿಯೊ ಎಡಿಟಿಂಗಿಗೆ ಕೂತರೆ ಹೀಗಾಗುವುದು ಸಹಜ.

ಕೆಲವೊಮ್ಮೆ ದೋಷವೇ ಇರುವುದಿಲ್ಲ. ಬ್ಯಾಟರಿಯ ಆಯಸ್ಸು ಉಳಿಸಲೆಂದು ಲೆನೊವೊ, ಆಸುಸ್, ಡೆಲ್, ಎಚ್‌ಪಿ ಕಂಪನಿಗಳು ಚಾರ್ಜಿಗೆ ಮಿತಿ ಹಾಕುವ ಸೌಲಭ್ಯ ಕೊಟ್ಟಿವೆ. ಲೆನೊವೊದಲ್ಲಿ Conservation Mode ಆನ್ ಆಗಿದ್ದರೆ ಮಾದರಿಗೆ ತಕ್ಕಂತೆ 60 ಅಥವಾ 80 ಶೇಕಡಾದ ಆಸುಪಾಸಿನಲ್ಲಿ ಚಾರ್ಜಿಂಗ್ ನಿಲ್ಲುತ್ತದೆ. ಸದಾ ಚಾರ್ಜರ್ ಹಾಕಿಯೇ ಕೆಲಸ ಮಾಡುವವರಿಗೆ ಅದು ಒಳ್ಳೆಯದೇ. ಆಫೀಸಿನಿಂದ ಬಂದ ಲ್ಯಾಪ್‌ಟಾಪಿನಲ್ಲಿ ಐಟಿ ವಿಭಾಗದವರು ಇದನ್ನು ಮೊದಲೇ ಹಾಕಿಟ್ಟಿರುವುದುಂಟು. ಅಂಕಿ ಪ್ರತಿಸಲ ಒಂದೇ ಜಾಗದಲ್ಲಿ, ಅದೂ 60 ಅಥವಾ 80ರಂಥ ದುಂಡು ಸಂಖ್ಯೆಯಲ್ಲಿ ನಿಲ್ಲುತ್ತಿದ್ದರೆ ರಿಪೇರಿ ಅಂಗಡಿಗಿಂತ ಮೊದಲು ಸೆಟ್ಟಿಂಗ್ ತೆರೆದು ನೋಡುವುದು ಬುದ್ಧಿವಂತಿಕೆ.

ಬಿಸಿಲೂ ಒಂದು ಕಾರಣ. ಲಿಥಿಯಂ ಸೆಲ್ ಸುಮಾರು 45 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬ್ಯಾಟರಿಯ ಚಿಪ್ ಚಾರ್ಜಿಂಗನ್ನು ತಡೆಯುತ್ತದೆ ಇಲ್ಲವೇ ನಿಧಾನ ಮಾಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರಿನಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟುತ್ತದೆ. ಅಂಥಲ್ಲಿ ಹಾಸಿಗೆಯ ಮೇಲೆ ಗಾಳಿಕಿಂಡಿ ಮುಚ್ಚಿಕೊಂಡು ಕೂತ ಲ್ಯಾಪ್‌ಟಾಪ್ ಮಧ್ಯಾಹ್ನ ಚಾರ್ಜ್ ನಿಲ್ಲಿಸಿ ರಾತ್ರಿ ತಾನಾಗಿ ಶುರು ಮಾಡಿದರೆ ಅದನ್ನು ಕೆಟ್ಟಿದೆ ಎನ್ನುವಂತಿಲ್ಲ.

ಇವೆರಡೂ ಅಲ್ಲ ಎಂದಾದ ಮೇಲೆ ಏನು? ಒಂದು ಉದಾಹರಣೆಯನ್ನು ಹಿಡಿದುಕೊಂಡು ಹೋಗೋಣ. ತುಮಕೂರಿನ ಒಬ್ಬ ಕಾಲೇಜು ಅಧ್ಯಾಪಕಿಯ ಲ್ಯಾಪ್‌ಟಾಪ್ ಎಂದಿಟ್ಟುಕೊಳ್ಳಿ. ಕೊಂಡು ಮೂರು ವರ್ಷವಾಗಿದೆ. ದುಂಡನೆಯ ಪಿನ್ನಿನ 65 ವ್ಯಾಟ್ ಅಡಾಪ್ಟರ್, ಬ್ಯಾಟರಿ 34 ಶೇಕಡಾದಲ್ಲಿ ನಿಂತಿದೆ. ಚಾರ್ಜರ್ ಮೇಲೆ ಯಂತ್ರ ಚೆನ್ನಾಗಿಯೇ ನಡೆಯುತ್ತದೆ, ಆದರೆ ಮೊದಲಿಗಿಂತ ಬಹಳ ನಿಧಾನ. ಅಂಗಡಿಯವನು ಕೆಳಗಿನ ಮುಚ್ಚಳವನ್ನೂ ತೆಗೆಯದೆ "ಬ್ಯಾಟರಿ ಹೋಗಿದೆ ಮೇಡಂ, ಹೊಸದು ಹಾಕ್ಸಿಬಿಡಿ" ಎಂದಿದ್ದಾನೆ.

ಅವನ ಮಾತು ನಿಜವೋ ಸುಳ್ಳೋ ಎಂಬುದನ್ನು ವಿಂಡೋಸ್ ತಾನೇ ಹೇಳಬಲ್ಲದು. ಸ್ಟಾರ್ಟ್ ಮೆನುವಿನಲ್ಲಿ cmd ಎಂದು ಬರೆದು ಕಮಾಂಡ್ ಪ್ರಾಂಪ್ಟ್ ತೆರೆದು ಈ ಸಾಲು ಟೈಪ್ ಮಾಡಿ ಎಂಟರ್ ಒತ್ತಬೇಕು:

```
powercfg /batteryreport
```

battery-report.html ಎಂಬ ಫೈಲ್ ಎಲ್ಲಿ ಉಳಿಯಿತು ಎಂದು ಕೆಳಗೆ ಬರುತ್ತದೆ. ಅದನ್ನು ಬ್ರೌಸರಿನಲ್ಲಿ ತೆರೆದರೆ ಹೊಸತಿದ್ದಾಗ ಬ್ಯಾಟರಿಗೆ ಎಷ್ಟು ಹಿಡಿಯುತ್ತಿತ್ತು ಎಂಬುದು DESIGN CAPACITY ಎದುರಿಗೆ, ಈಗ ಎಷ್ಟು ಹಿಡಿಯುತ್ತದೆ ಎಂಬುದು FULL CHARGE CAPACITY ಎದುರಿಗೆ ಇರುತ್ತದೆ. ಅಧ್ಯಾಪಕಿಯ ವರದಿಯಲ್ಲಿ ಮೊದಲನೆಯದು 42,000, ಎರಡನೆಯದು 34,900 ಎಂದಿದೆ ಎನ್ನೋಣ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಸುಮಾರು 83 ಶೇಕಡಾ. ಮೂರು ವರ್ಷದ ಬ್ಯಾಟರಿಗೆ ಇದು ಒಳ್ಳೆಯ ಅಂಕವೇ. ಇನ್ನೊಂದು ಮುಖ್ಯ ವಿಷಯವೂ ಇಲ್ಲಿ ಗೊತ್ತಾಯಿತು. ಈ ಅಂಕಿಗಳು ಬಂದದ್ದು ಬ್ಯಾಟರಿಯೊಳಗಿನ ಚಿಪ್‌ನಿಂದ. ಅಂದರೆ ಬೋರ್ಡಿಗೂ ಬ್ಯಾಟರಿಗೂ ಮಾತುಕತೆ ನಡೆಯುತ್ತಿದೆ. ಬ್ಯಾಟರಿಯೇ ಸತ್ತಿದ್ದರೆ ಅಥವಾ ಅದರ ಕನೆಕ್ಟರ್ ಸಡಿಲವಾಗಿದ್ದರೆ ವರದಿಯಲ್ಲಿ ಆ ಜಾಗ ಖಾಲಿ ಇರುತ್ತಿತ್ತು, ಇಲ್ಲವೇ ಅಸಂಬದ್ಧ ಅಂಕಿ ಇರುತ್ತಿತ್ತು. ಸಂಶಯದ ಪಟ್ಟಿಯಲ್ಲಿ ಬ್ಯಾಟರಿ ಕೆಳಗೆ ಹೋಯಿತು.

ಮುಂದಿನ ಸರದಿ ಅಡಾಪ್ಟರಿನದು. ಇದನ್ನು ನೋಡುವುದಕ್ಕೆ ಕಣ್ಣು ಮತ್ತು ಕೈ ಸಾಕು. ಎಕ್ಸ್‌ಟೆನ್ಶನ್ ಬೋರ್ಡ್ ಬಿಟ್ಟು ನೇರ ಗೋಡೆಯ ಸಾಕೆಟ್ಟಿಗೆ ಹಾಕಬೇಕು. ಗೋಡೆಯಿಂದ ಅಡಾಪ್ಟರಿಗೆ ಬರುವ ಪವರ್ ಕಾರ್ಡ್ ಇಟ್ಟಿಗೆಯೊಳಗೆ ಪೂರ್ತಿ ಕೂತಿದೆಯೇ ಎಂದು ಒತ್ತಿ ನೋಡಬೇಕು. ಅರ್ಧ ಹೊರಗೆ ಸರಿದ ಪವರ್ ಕಾರ್ಡ್ ಎಷ್ಟು ಜನರನ್ನು ರಿಪೇರಿ ಅಂಗಡಿಯವರೆಗೆ ಓಡಿಸಿದೆಯೋ! ಆಮೇಲೆ ಲ್ಯಾಪ್‌ಟಾಪಿನ ಕಡೆಯ ವೈರನ್ನು ಪ್ಲಗ್ಗಿನ ಬುಡದಲ್ಲಿ ಮತ್ತು ಇಟ್ಟಿಗೆಯಿಂದ ಹೊರಬರುವ ಜಾಗದಲ್ಲಿ ಮೆಲ್ಲಗೆ ಅತ್ತಿತ್ತ ಬಾಗಿಸಬೇಕು. ವೈರು ಒಳಗೆ ತುಂಡಾಗುವುದು ಹೆಚ್ಚಾಗಿ ಈ ಎರಡೇ ಕಡೆ. ಬಾಗಿಸಿದಾಗ ಚಾರ್ಜಿಂಗ್ ಬಂದು ಹೋಗುತ್ತಿದ್ದರೆ ತಪ್ಪಿತಸ್ಥ ಸಿಕ್ಕಿದಂತೆಯೇ.

ಅಡಾಪ್ಟರಿನ ಚೀಟಿಯಲ್ಲಿ OUTPUT ಎಂಬ ಕಡೆ 19.5V ⎓ 3.34A ಎಂಬಂತೆ ಬರೆದಿರುತ್ತದೆ. ಎರಡನ್ನೂ ಗುಣಿಸಿದರೆ 65 ವ್ಯಾಟ್. ಮಲ್ಟಿಮೀಟರ್ ಇದ್ದವರು ವೋಲ್ಟೇಜ್ ಅಳೆಯಬಹುದು. ಬರೆದದ್ದಕ್ಕಿಂತ 5 ಶೇಕಡಾ ಆಚೀಚೆ, ಅಂದರೆ 18.5ರಿಂದ 20.5ರವರೆಗೆ ಇದ್ದರೆ ಸರಿ. ಆದರೆ ಮೀಟರಿನ ಮಾತನ್ನು ಪೂರ್ತಿ ನಂಬುವಂತಿಲ್ಲ. ಭಾರವಿಲ್ಲದೆ ನಿಂತಾಗ 19.5 ತೋರಿಸುವ ಹಳೆಯ ಅಡಾಪ್ಟರ್, ಲ್ಯಾಪ್‌ಟಾಪ್ ಎರಡು ಆಂಪಿಯರ್ ಎಳೆದ ಕೂಡಲೇ ಕುಸಿದು ಬೀಳಬಹುದು. ಅದನ್ನು ಹಿಡಿಯಲು ಸುಲಭದ ದಾರಿ ಇರುವುದು ಅದಲು ಬದಲು ಮಾಡುವುದರಲ್ಲಿ. ಅದೇ ಕಂಪನಿಯ, ಅದೇ ವೋಲ್ಟಿನ, ಅಷ್ಟೇ ಅಥವಾ ಹೆಚ್ಚು ವ್ಯಾಟಿನ ಅಡಾಪ್ಟರನ್ನು ಸಹೋದ್ಯೋಗಿಯಿಂದ ಹತ್ತು ನಿಮಿಷಕ್ಕೆ ಕೇಳಿ ಪಡೆದು ಹಾಕಿ ನೋಡಬೇಕು. ವ್ಯಾಟ್ ಹೆಚ್ಚಿದ್ದರೆ ಅಪಾಯವಿಲ್ಲ, ಲ್ಯಾಪ್‌ಟಾಪ್ ತನಗೆ ಬೇಕಾದಷ್ಟೇ ಎಳೆದುಕೊಳ್ಳುತ್ತದೆ. ವೋಲ್ಟ್ ಬೇರೆಯಾಗಿದ್ದರೆ ಮಾತ್ರ ಮುಟ್ಟಬಾರದು.

ಅಧ್ಯಾಪಕಿಯ ಯಂತ್ರ ಮೊದಲಿಗಿಂತ ನಿಧಾನವಾಗಿದೆ ಎಂಬ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ. ಡೆಲ್ ಲ್ಯಾಪ್‌ಟಾಪುಗಳ ದುಂಡು ಪ್ಲಗ್ಗಿನ ಒಳಗೆ ಇಣುಕಿದರೆ ನಡುವೆ ಒಂದು ತೆಳ್ಳನೆಯ ಸೂಜಿ ಕಾಣುತ್ತದೆ. ಕರೆಂಟು ಅದರಲ್ಲಿ ಬರುವುದಿಲ್ಲ. ಕೊಳವೆಯ ಒಳಗೋಡೆ ಪ್ಲಸ್, ಹೊರಗೋಡೆ ಮೈನಸ್, ನಡುವಿನ ಸೂಜಿ ಗುರುತಿನ ಚೀಟಿ ಒಯ್ಯುವುದಕ್ಕೆ. ಅಡಾಪ್ಟರಿನೊಳಗೆ ಒಂದು ಪುಟ್ಟ ಮೆಮೊರಿ ಚಿಪ್ ಕೂತಿರುತ್ತದೆ. ಕಂಪನಿಯ ಹೆಸರು, ವ್ಯಾಟ್, ವೋಲ್ಟ್, ಆಂಪಿಯರ್ ಎಲ್ಲ ಅದರಲ್ಲಿ ಒಂದೇ ಸಾಲಿನಲ್ಲಿ ಬರೆದಿರುತ್ತವೆ. DELL00AC045195023 ಎಂದು ಆ ಸಾಲು ಶುರುವಾದರೆ 45 ವ್ಯಾಟ್, 19.5 ವೋಲ್ಟ್, 2.3 ಆಂಪಿಯರ್ ಎಂದು ಓದಿಕೊಳ್ಳಬೇಕು. ಸೂಜಿಯ ಮೂಲಕ ಈ ಸಾಲು ಬೋರ್ಡಿಗೆ ತಲುಪಲಿಲ್ಲವೆಂದರೆ ಯಂತ್ರ ನಡೆಯುತ್ತದೆ, ಆದರೆ ಬ್ಯಾಟರಿಗೆ ಚಾರ್ಜ್ ಕೊಡುವುದಿಲ್ಲ, ಪ್ರೊಸೆಸರ್ ವೇಗವನ್ನೂ ತಗ್ಗಿಸಿಬಿಡುತ್ತದೆ. ಎಷ್ಟು ಕೊಡಬಲ್ಲದೋ ತಿಳಿಯದ ಅಡಾಪ್ಟರಿನಿಂದ ಹೆಚ್ಚು ಎಳೆಯುವುದು ಬೇಡ ಎಂಬ ಎಚ್ಚರಿಕೆ ಅದು. ಎಚ್‌ಪಿಯ ನೀಲಿ ತುದಿಯ ಪ್ಲಗ್ಗಿನಲ್ಲೂ ಲೆನೊವೊದ ಚಪ್ಪಟೆ ಆಯತದ ಪ್ಲಗ್ಗಿನಲ್ಲೂ ನಡುವಿನ ಪಿನ್ ಇದೇ ಬಗೆಯ ಕೆಲಸ ಮಾಡುತ್ತದೆ, ವಿಧಾನ ಮಾತ್ರ ಬೇರೆ.

ಡೆಲ್‌ನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಆನ್ ಮಾಡುವಾಗ F2 ಒತ್ತಿ ಬಯೋಸ್ ಒಳಗೆ ಹೋದರೆ ಬ್ಯಾಟರಿ ವಿವರದ ಹತ್ತಿರ ಎಸಿ ಅಡಾಪ್ಟರ್ ಎಷ್ಟು ವ್ಯಾಟಿನದು ಎಂದು ಬರೆದಿರುತ್ತದೆ. ಗುರುತು ಸಿಗದಿದ್ದರೆ ಅಲ್ಲಿ Unknown ಎಂದಿರುತ್ತದೆ. ಎಷ್ಟೋ ಸಲ ಆನ್ ಆಗುವಾಗಲೇ The AC power adapter wattage and type cannot be determined ಎಂಬ ಎಚ್ಚರಿಕೆ ಪರದೆಗೆ ಬಂದಿರುತ್ತದೆ. ಅದನ್ನು ಓದದೆ ಎಂಟರ್ ಒತ್ತಿ ಮುಂದೆ ಹೋಗಿರುತ್ತೇವೆ.

ಅಧ್ಯಾಪಕಿಯ ಲ್ಯಾಪ್‌ಟಾಪ್ ಈ ಜಾತಿಯದೇ. ಬಯೋಸಿನಲ್ಲಿ Unknown ಎಂದಿದೆ. ಸಹೋದ್ಯೋಗಿಯ ಅಡಾಪ್ಟರ್ ಹಾಕಿದಾಗ 65 ವ್ಯಾಟ್ ಎಂದು ಬಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು, ಹೊಸ ಅಡಾಪ್ಟರ್ ಕೊಂಡರೆ ಸಾಕಿತ್ತು. ಆದರೆ ಅದಕ್ಕೂ Unknown. ಆಕೆಯ ಅಡಾಪ್ಟರನ್ನು ಸಹೋದ್ಯೋಗಿಯ ಯಂತ್ರಕ್ಕೆ ಹಾಕಿದರೆ ಅಲ್ಲಿ ಸಲೀಸಾಗಿ ಚಾರ್ಜ್ ಆಗುತ್ತಿದೆ. ಎರಡು ಅಡಾಪ್ಟರ್, ಎರಡು ಯಂತ್ರ ಅಡ್ಡಡ್ಡವಾಗಿ ಹಾಕಿ ನೋಡಿದ್ದಕ್ಕೆ ಅಡಾಪ್ಟರ್ ನಿರ್ದೋಷಿ ಎಂದು ಖಚಿತವಾಯಿತು. ಉಳಿದದ್ದು ಜ್ಯಾಕ್ ಮತ್ತು ಬೋರ್ಡ್.

ಜ್ಯಾಕಿನ ಪರೀಕ್ಷೆ ಬೆರಳಿನಲ್ಲಿದೆ. ಪ್ಲಗ್ ಹಾಕಿದಾಗ ಗಟ್ಟಿಯಾಗಿ ಕೂರುತ್ತದೆಯೋ ಲೊಡಲೊಡ ಅನ್ನುತ್ತದೆಯೋ? ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಸುಟ್ಟ ಕಂದು ಬಣ್ಣ, ಬಿರುಕು, ಧೂಳಿನ ಗಂಟು ಕಾಣುತ್ತದೆಯೇ? ಅರ್ಧ ಗಂಟೆ ಬಳಸಿದ ಮೇಲೆ ಪ್ಲಗ್ಗಿನ ತುದಿ ಮುಟ್ಟಲಾಗದಷ್ಟು ಬಿಸಿಯೇ? ಅಧ್ಯಾಪಕಿಯದರಲ್ಲಿ ಬಿಸಿ ಇಲ್ಲ, ಸುಟ್ಟ ಗುರುತೂ ಇಲ್ಲ. ಆದರೆ ಬಯೋಸ್ ತೆರೆದಿಟ್ಟುಕೊಂಡು ಪ್ಲಗ್ಗನ್ನು ತುಸು ಮೇಲಕ್ಕೆ ಎತ್ತಿ ಒತ್ತಿ ಹಿಡಿದಾಗ Unknown ಹೋಗಿ ಒಂದು ಗಳಿಗೆ 65 ವ್ಯಾಟ್ ಎಂದು ಬಂತು. ಬಿಟ್ಟ ಕೂಡಲೇ ಮತ್ತೆ Unknown. ಪ್ಲಸ್, ಮೈನಸ್ ಎರಡೂ ಅಗಲವಾದ ಗೋಡೆಗಳು, ಜ್ಯಾಕ್ ಸವೆದರೂ ಅವು ಹೇಗೋ ತಗಲಿಕೊಳ್ಳುತ್ತವೆ. ನಡುವಿನ ಸೂಜಿಯನ್ನು ಹಿಡಿಯುವ ತೆಳು ಸ್ಪ್ರಿಂಗ್ ತಗಡು ಒಮ್ಮೆ ಅಗಲವಾದರೆ ಮುಗಿಯಿತು. ಕರೆಂಟು ಬಂದೂ ಗುರುತು ಸಿಗದಿರುವುದಕ್ಕೆ ಕಾರಣ ಇಷ್ಟೇ. ಚಾರ್ಜರ್ ಸಿಕ್ಕಿಸಿಕೊಂಡೇ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಳ್ಳುವುದು, ವೈರು ಕಾಲಿಗೆ ತೊಡರುವುದು, ಇವು ಆ ತಗಡನ್ನು ದಿನಾ ಸ್ವಲ್ಪಸ್ವಲ್ಪ ಅಗಲಿಸುತ್ತವೆ.

ಇಂಥ ಬಹಳಷ್ಟು ಮಾದರಿಗಳಲ್ಲಿ ಡಿಸಿ ಜ್ಯಾಕ್ ಮದರ್‌ಬೋರ್ಡಿಗೆ ಬೆಸೆದಿರುವುದಿಲ್ಲ. ಗೇಣುದ್ದಕ್ಕಿಂತ ಕಡಿಮೆಯ ವೈರಿನ ತುದಿಯಲ್ಲಿ ಬಿಡಿ ಭಾಗವಾಗಿ ಇರುತ್ತದೆ. ಮುಚ್ಚಳ ತೆಗೆದು, ಬ್ಯಾಟರಿಯ ಕನೆಕ್ಟರ್ ಮೊದಲು ಕಳಚಿ, ಒಂದೆರಡು ಸ್ಕ್ರೂ ಬಿಚ್ಚಿದರೆ ಹಳೆಯದು ಕೈಗೆ ಬರುತ್ತದೆ. ಹೊಸ ಬ್ಯಾಟರಿಯ ಬೆಲೆಯ ಮುಂದೆ ಈ ಭಾಗದ ಬೆಲೆ ಏನೇನೂ ಅಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮಾದರಿ ಸಂಖ್ಯೆ ಹೇಳಿದರೆ ಕೌಂಟರಿನ ಮೇಲೇ ತೆಗೆದಿಡುವ ಅಂಗಡಿಗಳಿವೆ. ಜ್ಯಾಕ್ ಬದಲಿಸಿದ ಮೇಲೆ ಅಧ್ಯಾಪಕಿಯ ಬಯೋಸಿನಲ್ಲಿ 65 ವ್ಯಾಟ್ ಗಟ್ಟಿಯಾಗಿ ನಿಂತಿತು, ಹಳೆಯ ಬ್ಯಾಟರಿಯೇ 34ರಿಂದ ಮೇಲೇರತೊಡಗಿತು. ಜ್ಯಾಕನ್ನು ಬೋರ್ಡಿಗೇ ಬೆಸೆದ ಮಾದರಿಯಾಗಿದ್ದರೆ ಕೆಲಸ ಇಷ್ಟು ಸುಲಭವಲ್ಲ, ಬೆಸುಗೆಯ ಕೈ ಪಳಗಿದವರೇ ಬೇಕು.

ಒಂದು ಎಚ್ಚರಿಕೆ. ನಡುವೆ ಸೂಜಿ ಇರುವ ಪ್ಲಗ್ಗಿಗೆ ಮಲ್ಟಿಮೀಟರಿನ ದಪ್ಪ ಮೊನೆ ತೂರಿಸಿದರೆ ಅದು ಸೂಜಿಗೂ ಪ್ಲಸ್ ಗೋಡೆಗೂ ಒಟ್ಟಿಗೆ ತಗಲಬಹುದು. ಗುರುತಿನ ಚಿಪ್ ಇರುವುದು ಕೆಲವೇ ವೋಲ್ಟುಗಳಿಗೆ, ಅದರ ಮೇಲೆ 19.5 ವೋಲ್ಟ್ ಹರಿದರೆ ಚೆನ್ನಾಗಿದ್ದ ಅಡಾಪ್ಟರ್ ಅಲ್ಲೇ ಗುರುತು ಕಳೆದುಕೊಳ್ಳುತ್ತದೆ. ಸೂಜಿ ಬಾಗಿದ ಪ್ಲಗ್ಗನ್ನು ಬಲವಂತವಾಗಿ ಜ್ಯಾಕಿಗೆ ತುರುಕಿದರೂ ಇದೇ ಗತಿ, ಆಗ ಪೆಟ್ಟು ಬೀಳುವುದು ಬೋರ್ಡಿಗೆ.

ಟೈಪ್-ಸಿ ಕೇಬಲಿನಿಂದ ಚಾರ್ಜ್ ಆಗುವ ಹೊಸ ಲ್ಯಾಪ್‌ಟಾಪುಗಳಲ್ಲಿ ಸೂಜಿ ಇಲ್ಲ, ಆದರೆ ಮಾತುಕತೆ ಇನ್ನೂ ಹೆಚ್ಚು. ಸಿಕ್ಕಿಸಿದ ಕೂಡಲೇ ಚಾರ್ಜರ್ ಕೊಡುವುದು ಬರೀ 5 ವೋಲ್ಟ್. ಲ್ಯಾಪ್‌ಟಾಪ್ ಕೇಳಿ, ಚಾರ್ಜರ್ ಒಪ್ಪಿದ ಮೇಲೆ ಅದು ಸಾಮಾನ್ಯವಾಗಿ 20 ವೋಲ್ಟಿಗೆ ಏರುತ್ತದೆ. ಫೋನಿನ ಚಾರ್ಜರ್ ಹಾಕಿದರೆ ಎಷ್ಟೋ ಲ್ಯಾಪ್‌ಟಾಪುಗಳು ಸುಮ್ಮನಿರುವುದು ಅದಕ್ಕೇ, ಅದರಲ್ಲಿ 20 ವೋಲ್ಟ್ ಕೊಡುವ ಶಕ್ತಿಯೇ ಇಲ್ಲದಿರಬಹುದು. ಕೇಬಲೂ ಮುಖ್ಯ. ಮಾಮೂಲಿ ಟೈಪ್-ಸಿ ಕೇಬಲಿನಲ್ಲಿ 3 ಆಂಪಿಯರ್ ಮಾತ್ರ ಹರಿಯಬಹುದು, ಅಂದರೆ 60 ವ್ಯಾಟ್. ಅದಕ್ಕಿಂತ ಹೆಚ್ಚಿಗೆ ಬೇಕೆಂದರೆ ತನ್ನ ಗುರುತನ್ನು ಹೇಳುವ ಚಿಪ್ ಇರುವ 5 ಆಂಪಿಯರ್ ಕೇಬಲ್ ಬೇಕು. ಎರಡು ಟೈಪ್-ಸಿ ಕಿಂಡಿಗಳಿದ್ದಾಗ ಚಾರ್ಜ್ ಆಗುವುದು ಒಂದರಲ್ಲಿ ಮಾತ್ರ ಇರಬಹುದು. ಎರಡರಲ್ಲೂ ಆಗಬೇಕಾದ ಯಂತ್ರದಲ್ಲಿ ಒಂದರಲ್ಲಿ ಆಗಿ ಇನ್ನೊಂದರಲ್ಲಿ ಆಗದಿದ್ದರೆ ದೋಷ ಆ ಕಿಂಡಿಯದು ಎಂದು ತಕ್ಷಣ ತಿಳಿಯುತ್ತದೆ. ಚಾರ್ಜರಿಗೂ ಕೇಬಲಿಗೂ ನಡುವೆ ಸಿಕ್ಕಿಸುವ ಪುಟ್ಟ ಟೈಪ್-ಸಿ ಮೀಟರ್ ಸಿಗುತ್ತದೆ, ರಿಪೇರಿಯವರು ಅದನ್ನು ಜೇಬಿನಲ್ಲೇ ಇಟ್ಟುಕೊಂಡಿರುತ್ತಾರೆ. ಅದರಲ್ಲಿ 20 ವೋಲ್ಟ್ ಬಂದು ಒಂದೆರಡು ಆಂಪಿಯರ್ ಹರಿಯುತ್ತಿದ್ದರೆ ಎಲ್ಲ ಸರಿ. ಒಳ್ಳೆಯ ಚಾರ್ಜರ್, ಒಳ್ಳೆಯ ಕೇಬಲ್ ಹಾಕಿಯೂ 5 ವೋಲ್ಟಿನಲ್ಲೇ ನಿಂತಿದ್ದರೆ ಮಾತುಕತೆ ಮುರಿದಿದೆ. ಆಗ ಕಿಂಡಿಯ ಪಿನ್ನುಗಳು ಅಥವಾ ಬೋರ್ಡಿನಲ್ಲಿ ಆ ಮಾತುಕತೆ ನಡೆಸುವ ಚಿಪ್ ಮೇಲೆ ಅನುಮಾನ. ಅದಕ್ಕೂ ಮೊದಲು ಕಿಂಡಿಯಲ್ಲಿ ಬಟ್ಟೆಯ ನಾರು ಒತ್ತಿಕೊಂಡಿದೆಯೇ ಎಂದು ನೋಡಬೇಕು. ಯಂತ್ರ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ತೆಗೆಯಬಹುದು, ಗುಂಡುಸೂಜಿ ಬೇಡ.

ಇನ್ನು ಬ್ಯಾಟರಿಯೇ ತಪ್ಪಿತಸ್ಥ ಎಂದು ಗೊತ್ತಾಗುವುದು ಹೇಗೆ? ಅಡಾಪ್ಟರಿನ ಗುರುತು ಸರಿಯಾಗಿ ಬಂದಿದೆ, ಮಿತಿಯ ಸೆಟ್ಟಿಂಗ್ ಇಲ್ಲ, ಬಿಸಿಯೂ ಇಲ್ಲ, ಆದರೂ ಚಾರ್ಜ್ ಏರದಿದ್ದರೆ. ವರದಿಯಲ್ಲಿ ಈಗಿನ ಸಾಮರ್ಥ್ಯ ಮೊದಲಿನ ಅರ್ಧಕ್ಕಿಂತ ಕೆಳಗಿದ್ದರೆ. 40 ಶೇಕಡಾ ತೋರಿಸುತ್ತಿದ್ದಾಗಲೇ ಚಾರ್ಜರ್ ತೆಗೆದರೆ ದಢಕ್ಕನೆ ಆಫ್ ಆದರೆ. ಇವು ಬ್ಯಾಟರಿಯ ಲಕ್ಷಣಗಳು. ತಿಂಗಳುಗಟ್ಟಲೆ ಬೀರುವಿನಲ್ಲಿಟ್ಟ ಲ್ಯಾಪ್‌ಟಾಪಿನದು ಬೇರೆ ಕತೆ. ಸೆಲ್‌ಗಳ ವೋಲ್ಟೇಜ್ ತೀರಾ ಕೆಳಗಿಳಿದಿದ್ದರೆ ಚಾರ್ಜರ್ ಸರ್ಕ್ಯೂಟ್ ಮೊದಲು ಅತಿ ಸಣ್ಣ ಕರೆಂಟು ಕೊಟ್ಟು ಅವನ್ನು ಎಬ್ಬಿಸಲು ನೋಡುತ್ತದೆ. ಆ ಹೊತ್ತಿನಲ್ಲಿ ಅಂಕಿ ಸೊನ್ನೆಯಲ್ಲೇ ಇರುತ್ತದೆ. ಒಂದೆರಡು ಗಂಟೆ ಬಿಟ್ಟು ನೋಡಿದರೂ ಸೊನ್ನೆಯಾದರೆ ಬ್ಯಾಟರಿಯ ಚಿಪ್ ಸುರಕ್ಷತೆಗಾಗಿ ಬಾಗಿಲು ಮುಚ್ಚಿಕೊಂಡಿದೆ ಎಂದು ತಿಳಿಯಬೇಕು. ಅದನ್ನು ಉಪಾಯದಿಂದ ಎಬ್ಬಿಸಿಕೊಡುತ್ತೇವೆ ಎನ್ನುವವರಿಗೆ ಕೊಡದಿರುವುದೇ ಕ್ಷೇಮ.

ಡಿವೈಸ್ ಮ್ಯಾನೇಜರಿನಲ್ಲಿ Microsoft ACPI-Compliant Control Method Battery ಎಂಬುದನ್ನು ತೆಗೆದುಹಾಕಿ ರೀಸ್ಟಾರ್ಟ್ ಮಾಡಿ ಎಂಬ ಸಲಹೆ ಎಲ್ಲ ಕಡೆ ಕೇಳಿಬರುತ್ತದೆ. ವಿಂಡೋಸಿಗೆ ಬ್ಯಾಟರಿಯ ಬಗ್ಗೆ ತಪ್ಪು ಮಾಹಿತಿ ಹೊಕ್ಕಿದ್ದರೆ ಮಾತ್ರ ಅದರಿಂದ ಪ್ರಯೋಜನ. ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಎಂಬೆಡೆಡ್ ಕಂಟ್ರೋಲರನ್ನು ರೀಸೆಟ್ ಮಾಡುವುದು. ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ತೆಗೆದು, ಬ್ಯಾಟರಿ ಬಿಚ್ಚುವಂತಿದ್ದರೆ ಅದನ್ನೂ ಬಿಚ್ಚಿ ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿಯಬೇಕು. ಒಳಗೇ ಬ್ಯಾಟರಿ ಇರುವ ಹಲವು ಥಿಂಕ್‌ಪ್ಯಾಡ್‌ಗಳ ಕೆಳಭಾಗದಲ್ಲಿ ಇದಕ್ಕೆಂದೇ ಒಂದು ಸಣ್ಣ ರಂಧ್ರ ಇರುತ್ತದೆ. ಸಿಡಿಲು, ವೋಲ್ಟೇಜ್ ಏರಿಳಿತದ ನಂತರ ತಲೆಕೆಟ್ಟು ಕೂತ ಕಂಟ್ರೋಲರ್ ಇದರಿಂದ ಸರಿಹೋಗುವುದುಂಟು.

ಬ್ಯಾಟರಿ ಉಬ್ಬಿದ್ದರೆ ಮಾತ್ರ ಯಾವ ಪರೀಕ್ಷೆಯೂ ಬೇಡ. ಟಚ್‌ಪ್ಯಾಡ್ ಮೇಲೆದ್ದಿರುವುದು, ಕ್ಲಿಕ್ ಆಗದಿರುವುದು, ಮೇಜಿನ ಮೇಲಿಟ್ಟಾಗ ಲ್ಯಾಪ್‌ಟಾಪ್ ಓಲಾಡುವುದು ಅದರ ಗುರುತು. ಕೂಡಲೇ ಚಾರ್ಜರ್ ತೆಗೆದು, ಆಫ್ ಮಾಡಿ, ಬ್ಯಾಟರಿಯನ್ನು ಒತ್ತದೆ, ಚುಚ್ಚದೆ ಬಿಚ್ಚಿಸಬೇಕು. ಅದನ್ನು ಕಸದ ಗಾಡಿಗೆ ಹಾಕಬಾರದು. ತಮ್ಮ ಬ್ಯಾಟರಿಗಳನ್ನು ವಾಪಸು ಪಡೆದು ವಿಲೇವಾರಿ ಮಾಡಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಉತ್ಪಾದಕರ ಮೇಲೇ ಹೊರಿಸಿವೆ.

ಕೊನೆಗೆ ಬೋರ್ಡ್. ಮನೆಯಲ್ಲೇ ಕಾಣುವ ಅದರ ಒಂದು ಸ್ಪಷ್ಟ ಲಕ್ಷಣವಿದೆ. ಗೋಡೆಗೆ ಹಾಕಿದಾಗ ಅಡಾಪ್ಟರಿನ ದೀಪ ಉರಿಯುತ್ತಿದ್ದು, ಪ್ಲಗ್ಗನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಕ್ಷಣ ಆರಿಹೋದರೆ ಒಳಗೆ ಶಾರ್ಟ್ ಇದೆ ಎಂದು ಬಹುಮಟ್ಟಿಗೆ ಹೇಳಬಹುದು. ಅಡಾಪ್ಟರ್ ತನ್ನನ್ನು ತಾನು ಕಾಪಾಡಿಕೊಳ್ಳಲು ಕರೆಂಟು ನಿಲ್ಲಿಸಿದೆ. ಬೇರೆ ಅಡಾಪ್ಟರಿನಲ್ಲೂ ಹೀಗೇ ಆದರೆ ಜ್ಯಾಕಿನಿಂದ ಆಚೆಗೆ ಎಲ್ಲೋ 19 ವೋಲ್ಟಿನ ದಾರಿ ನೆಲಕ್ಕೆ ತಗಲಿದೆ. ಇಂಥ ಶಾರ್ಟಿಗೆ ಎಷ್ಟೋ ಸಲ ಕಾರಣವಾಗುವುದು ಒಂದೆರಡು ಮಿಲಿಮೀಟರಿನ ಸೆರಾಮಿಕ್ ಕೆಪಾಸಿಟರ್. ರಿಪೇರಿಯವರು ಅದನ್ನು ಹುಡುಕುವ ರೀತಿ ನೋಡುವಂತಿರುತ್ತದೆ. ಮೇಜಿನ ಮೇಲಿನ ಪವರ್ ಸಪ್ಲೈಯಿಂದ ಆ ದಾರಿಗೆ ಒಂದು ವೋಲ್ಟಿನಷ್ಟು ಮಾತ್ರ ಕೊಟ್ಟು, ಬೋರ್ಡಿನ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಸವರುತ್ತಾರೆ. ಕರೆಂಟೆಲ್ಲ ಶಾರ್ಟ್ ಆದ ಬಿಡಿಭಾಗದಲ್ಲೇ ಹರಿದು ಅದು ಬಿಸಿಯಾಗುತ್ತದೆ. ಎಲ್ಲಕ್ಕಿಂತ ಮೊದಲು ಎಲ್ಲಿ ಒಣಗಿತೋ ಅಲ್ಲಿ ದೋಷ. ಥರ್ಮಲ್ ಕ್ಯಾಮೆರಾ ಇದ್ದವರು ಅದನ್ನೇ ಪರದೆಯ ಮೇಲೆ ನೋಡುತ್ತಾರೆ.

ಶಾರ್ಟ್ ಇಲ್ಲದ ಬೋರ್ಡ್ ದೋಷಗಳೂ ಇವೆ. ಜ್ಯಾಕಿನ ಪಕ್ಕದ ಫ್ಯೂಸ್ ಹೋಗಿರಬಹುದು, ಕರೆಂಟನ್ನು ಒಳಗೆ ಬಿಡುವ ಮಾಸ್ಫೆಟ್ ಸತ್ತಿರಬಹುದು, ಚಾರ್ಜಿಂಗ್ ಚಿಪ್ ಕೆಟ್ಟಿರಬಹುದು, ಗುರುತಿನ ದಾರಿಯ ಒಂದು ರೆಸಿಸ್ಟರ್ ಸುಟ್ಟಿರಬಹುದು. ಚಹಾ ಚೆಲ್ಲಿದ ಬೋರ್ಡ್ ಆಗಿದ್ದರೆ ಹಸಿರು ಬೂಷ್ಟಿನಂಥ ತುಕ್ಕು ಕಾಣುತ್ತದೆ. ಹೊಸ ಜ್ಯಾಕ್, ಖಚಿತವಾಗಿ ಒಳ್ಳೆಯ ಅಡಾಪ್ಟರ್, ಒಳ್ಳೆಯ ಬ್ಯಾಟರಿ ಮೂರೂ ಇದ್ದು ಚಾರ್ಜ್ ಆಗದಿದ್ದಾಗ ಮಾತ್ರ ಇವುಗಳ ಕಡೆ ಹೋಗಬೇಕು. ಇಲ್ಲಿಂದ ಮುಂದೆ ಮನೆಯ ಕೆಲಸವಲ್ಲ. ಎಲ್ಲ ಅಂಗಡಿಯ ಕೆಲಸವೂ ಅಲ್ಲ. ಮೈಕ್ರೋಸ್ಕೋಪು, ಹಾಟ್ ಏರ್ ಮೆಶೀನು, ಆ ಬೋರ್ಡಿನ ಸ್ಕೀಮ್ಯಾಟಿಕ್ ಇಟ್ಟುಕೊಂಡು ಚಿಪ್ ಮಟ್ಟದಲ್ಲಿ ರಿಪೇರಿ ಮಾಡುವವರು ಬೇಕು. "ಬೋರ್ಡ್ ಹೋಗಿದೆ, ಬೋರ್ಡೇ ಬದಲಿಸಬೇಕು" ಎಂದು ಯಾರಾದರೂ ಹೇಳಿದರೆ ಎಲ್ಲಿ ಅಳೆದಾಗ ಎಷ್ಟು ವೋಲ್ಟ್ ಬಂತು ಎಂದು ಕೇಳುವುದರಲ್ಲಿ ತಪ್ಪಿಲ್ಲ. ಅಳೆದವರು ಉತ್ತರ ಕೊಡುತ್ತಾರೆ.

ಹೊಸ ಅಡಾಪ್ಟರ್ ಅಥವಾ ಬ್ಯಾಟರಿ ಕೊಳ್ಳುವಾಗ ಚೀಟಿಯ ಮೇಲೆ ಬಿಐಎಸ್ ಗುರುತಿನ ಜೊತೆ R- ಎಂದು ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಅಡಾಪ್ಟರಿಗೆ IS 13252, ಬ್ಯಾಟರಿಗೆ IS 16046 ಎಂದೂ ಇರುತ್ತದೆ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅದು ಯಾವ ತಯಾರಕರ ಹೆಸರಿನಲ್ಲಿದೆ ಎಂದು ಗೊತ್ತಾಗುತ್ತದೆ. ಗುರುತಿನ ಚಿಪ್ಪೇ ಇಲ್ಲದ ಅಗ್ಗದ ಅಡಾಪ್ಟರುಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿವೆ, ವೋಲ್ಟ್ ಸರಿಯಿದ್ದರೂ ಅವು ಬ್ಯಾಟರಿ ತುಂಬಿಸುವುದಿಲ್ಲ. ಅಂಗಡಿಯಿಂದ ಹೊರಡುವ ಮುನ್ನ ಅಲ್ಲೇ ಸಿಕ್ಕಿಸಿ ಬಯೋಸಿನಲ್ಲಿ ವ್ಯಾಟ್ ಬರುತ್ತದೆಯೇ ಎಂದು ನೋಡಿಕೊಳ್ಳಿ.

ರಿಪೇರಿಗೆ ಕೊಡುವಾಗ ಲ್ಯಾಪ್‌ಟಾಪಿನ ಜೊತೆ ಮನೆಯ ಅಡಾಪ್ಟರನ್ನೂ ಪವರ್ ಕಾರ್ಡನ್ನೂ ತಪ್ಪದೆ ಒಯ್ಯಿರಿ. ಅಂಗಡಿಯ ಅಡಾಪ್ಟರಿನಲ್ಲಿ ಚಾರ್ಜ್ ಆಗಿಬಿಟ್ಟರೆ ಮುಚ್ಚಳ ತೆಗೆಯುವ ಕೆಲಸವೇ ಇರುವುದಿಲ್ಲ. ಬ್ಯಾಟರಿ ಅಥವಾ ಜ್ಯಾಕ್ ಬದಲಿಸಿದರೆ ಹಳೆಯದನ್ನು ಕೇಳಿ ನೋಡಿ, ಬಿಲ್ಲಿನಲ್ಲಿ ಭಾಗದ ಹೆಸರು ಬರೆಸಿಕೊಳ್ಳಿ.